ಬೆಳಕು ನೋಡಿ ಮುಚ್ಚುವ ಕೋಳಿಗೂಡು, ಅದರ ಬೆನ್ನಿಗೊಂದು ಗಡಿಯಾರ

ಸಂಜೆಯಾದರೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಯಾರೂ ಅಟ್ಟಿಕೊಂಡು ಹೋಗಬೇಕಿಲ್ಲ. ಮಬ್ಬು ಬೆಳಕಿನಲ್ಲಿ ಅವಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಕತ್ತಲಾಗುವ ಮೊದಲೇ ಕೋಲು ಹತ್ತಿ ಕೂರುವುದು ಅವುಗಳ ಸ್ವಭಾವ. ನಾವು ಮಾಡಬೇಕಾದ್ದು ಒಂದೇ ಕೆಲಸ: ಎಲ್ಲವೂ ಒಳಗೆ ಹೋದ ಮೇಲೆ ಬಾಗಿಲು ಹಾಕುವುದು. ಆ ಒಂದು ಕೆಲಸವೇ ತಪ್ಪಿಹೋಗುತ್ತದೆ. ನೆಂಟರ ಮನೆಯ ಪೂಜೆಗೆ ಹೋದವರು ಬರುವಾಗ ರಾತ್ರಿ ಒಂಬತ್ತಾಗಿರುತ್ತದೆ. ಮಲೆನಾಡಿನ ಕಡೆ ಕಾಡುಬೆಕ್ಕಿಗೂ ಪುನುಗುಬೆಕ್ಕಿಗೂ ಅಷ್ಟು ಹೊತ್ತು ಧಾರಾಳ ಸಾಕು.

ಈ ಬಾಗಿಲನ್ನು ಒಂದು ಸಣ್ಣ ಮೋಟರಿಗೆ ವಹಿಸಬಹುದು. ಪ್ರಶ್ನೆ ಮೋಟರಿನದ್ದಲ್ಲ. "ಈಗ ಮುಚ್ಚು" ಅಂತ ಅದಕ್ಕೆ ಹೇಳುವವರು ಯಾರು ಅನ್ನುವುದು.

ಬರೀ ಟೈಮರ್ ಇಟ್ಟರೆ ಸಾಲದಾ? ತೀರ್ಥಹಳ್ಳಿಯ ಲೆಕ್ಕ ತಗೊಳ್ಳಿ. ಅಲ್ಲಿ ನವೆಂಬರ್ ಮಧ್ಯದಲ್ಲಿ ಸೂರ್ಯ ಸಂಜೆ 6 ಗಂಟೆಯ ಹೊತ್ತಿಗೇ ಮುಳುಗುತ್ತಾನೆ, ಜುಲೈ ಮೊದಲ ವಾರದಲ್ಲಿ ಸುಮಾರು 7ಕ್ಕೆ. ಬೆಳಗ್ಗೆಯೂ ಅಷ್ಟೇ. ಜೂನ್ ಶುರುವಿನಲ್ಲಿ 6 ಗಂಟೆಯ ಆಸುಪಾಸಿನಲ್ಲಿ ಹುಟ್ಟುವವನು ಜನವರಿ ಕೊನೆಗೆ 7ರ ಹತ್ತಿರಕ್ಕೆ ಹೋಗಿರುತ್ತಾನೆ. ಒಟ್ಟು ಒಂದು ಗಂಟೆಯ ವ್ಯತ್ಯಾಸ. ಮಳೆಗಾಲಕ್ಕೆ ಸರಿಹೋಗಲಿ ಅಂತ 7:25ಕ್ಕೆ ಇಟ್ಟ ಟೈಮರ್ ನವೆಂಬರ್‌ನಲ್ಲಿ ಕತ್ತಲಾಗಿ ಗಂಟೆ ಕಳೆದರೂ ಬಾಗಿಲು ತೆರೆದೇ ಇಟ್ಟಿರುತ್ತದೆ. ನವೆಂಬರ್‌ಗೆ ಅಂತ 6:20ಕ್ಕೆ ಇಟ್ಟರೆ ಜುಲೈಯಲ್ಲಿ ಇನ್ನೂ ಬೆಳಕಿರುವಾಗಲೇ ಮುಚ್ಚಿಕೊಂಡು, ಕೋಳಿಗಳೆಲ್ಲ ಹೊರಗೆ ಉಳಿಯುತ್ತವೆ.

ಸರಿ, ಹಾಗಾದರೆ ಬರೀ ಬೆಳಕಿನ ಸೆನ್ಸರ್ ಸಾಕು, ಅಲ್ವಾ? ಅದೂ ಸಾಲದು. ಸೆನ್ಸರ್ ಮೇಲೆ ಅಡಿಕೆ ಹಾಳೆ ಬಿದ್ದರೆ ಅದಕ್ಕೆ ಮಧ್ಯಾಹ್ನವೇ ರಾತ್ರಿ. ಜಗಲಿಯ ಬಲ್ಬು ಅದರ ಮುಖಕ್ಕೆ ಹೊಡೆದರೆ ರಾತ್ರಿಯೂ ಹಗಲು. ಗುಡುಗು ಮಳೆಯ ದಟ್ಟ ಮೋಡ ನಾಲ್ಕು ಗಂಟೆಗೇ ಕವಿದರೆ ಅದೂ ಗೊಂದಲವೇ.

ಹೆಚ್ಚಿನವರು ಇಲ್ಲಿ ಎರಡನ್ನೂ ಸೇರಿಸುತ್ತಾರೆ. ಆದರೆ "ಸೆನ್ಸರ್ ಕೆಟ್ಟರೆ ಟೈಮರ್" ಅನ್ನುವಷ್ಟಕ್ಕೆ ನಿಲ್ಲಿಸುತ್ತಾರೆ. ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ? ಸೆನ್ಸರ್ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಗಡಿಯಾರವನ್ನು ಬರೀ ಬದಲಿ ಆಳಿನಂತೆ ಇಟ್ಟುಕೊಳ್ಳಬಾರದು. ಬೆಳಕಿನ ಮಾತನ್ನು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಕೇಳಬೇಕು ಅನ್ನುವುದನ್ನು ಗಡಿಯಾರವೇ ತೀರ್ಮಾನಿಸಬೇಕು. ಈ ಲೇಖನದ ತಿರುಳು ಇಷ್ಟೇ.

ಅಗ್ಗದ ಸೆನ್ಸರ್ ಯಾಕೆ ಸಾಕಾಗುತ್ತದೆ

ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮೋಡ ಮುಚ್ಚಿದ ಹಗಲು ಕೆಲವು ಸಾವಿರ. ಶುಭ್ರ ಆಕಾಶವಿದ್ದಾಗ ಸೂರ್ಯ ಮುಳುಗುವ ಗಳಿಗೆಯಲ್ಲಿ ಸುಮಾರು 400. ಅಲ್ಲಿಂದ 22 ನಿಮಿಷ ಕಳೆಯುವಷ್ಟರಲ್ಲಿ 3–4 ಲಕ್ಸ್‌ಗೆ ಇಳಿದಿರುತ್ತದೆ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ. ಹಾಗಾಗಿ ಚಂದ್ರನ ಚಿಂತೆ ಬೇಡ.

ಗಮನಿಸಬೇಕಾದ್ದು ಸಂಜೆಯ ಆ ಇಳಿತದ ವೇಗ. ನಮ್ಮ ಕಡೆ ಮುಸ್ಸಂಜೆಯಲ್ಲಿ ಬೆಳಕು ಸುಮಾರು ಹತ್ತು ನಿಮಿಷಕ್ಕೊಮ್ಮೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದರಿಂದ ಎರಡು ಲಾಭ. ಸೆನ್ಸರ್ ಎರಡು ಪಟ್ಟು ತಪ್ಪು ತೋರಿಸಿದರೂ ಬಾಗಿಲು ಮುಚ್ಚುವ ಹೊತ್ತು ಮೂರು ನಿಮಿಷದಷ್ಟೇ ಆಚೀಚೆ ಆಗುತ್ತದೆ. ಮೋಡ ಕವಿದು ಬೆಳಕು ಹತ್ತು ಪಟ್ಟು ಕಡಿಮೆಯಾದರೂ ಬಾಗಿಲು ಹತ್ತು ನಿಮಿಷ ಮುಂಚೆ ಮುಚ್ಚುತ್ತದೆ, ಅಷ್ಟೇ. ಮೋಡದ ದಿನ ಕೋಳಿಗಳೂ ಬೇಗ ಒಳಗೆ ಹೋಗುತ್ತವೆ. ಅವೂ ನೋಡುವುದು ಅದೇ ಬೆಳಕನ್ನು ತಾನೇ?

ಅಂದರೆ ಮುಸ್ಸಂಜೆಯ ಹೊತ್ತಿನಲ್ಲಿ ಬೆಳಕಿಗಿಂತ ನಂಬಿಕಸ್ಥ ಸಾಕ್ಷಿ ಇಲ್ಲ. ಅದೇ ಬೆಳಕು ಮಧ್ಯಾಹ್ನ ಮೂರಕ್ಕೆ ಹೇಳುವುದನ್ನು ನಂಬುವ ಹಾಗಿಲ್ಲ. ಆಗ ಬೆಳಕು ಮೋಡದ ಮರ್ಜಿಯಲ್ಲಿ ಏರಿಳಿಯುತ್ತದೆ, ಹೊತ್ತಿನ ಲೆಕ್ಕದಲ್ಲಲ್ಲ.

ಇಷ್ಟಕ್ಕೆ ಬೇಕಾದ ಸೆನ್ಸರ್ ಎಲ್‌ಡಿಆರ್. ಹಾವಿನಂತೆ ಸುತ್ತಿದ ಗೆರೆಯಿರುವ, ಬೇಳೆ ಕಾಳಿನಷ್ಟು ದೊಡ್ಡ ಬಿಲ್ಲೆ. ಬೆಳಕು ಬಿದ್ದರೆ ಇದರ ರೆಸಿಸ್ಟೆನ್ಸ್ ಇಳಿಯುತ್ತದೆ, ಕತ್ತಲಾದರೆ ಏರುತ್ತದೆ. ಜಿಎಲ್5528 ಅನ್ನುವ ಸಾಮಾನ್ಯ ಮಾದರಿ 10 ಲಕ್ಸ್‌ನಲ್ಲಿ 10ರಿಂದ 20 ಕಿಲೋಓಮ್ ಇರುತ್ತದೆ, ಕಗ್ಗತ್ತಲಲ್ಲಿ ಒಂದು ಮೆಗಾಓಮ್‌ನಷ್ಟಾಗುತ್ತದೆ. ಇದರ ಒಂದು ಕಾಲನ್ನು 5 ವೋಲ್ಟಿಗೆ ಕೊಡಿ. ಇನ್ನೊಂದು ಕಾಲಿನಿಂದ ನೆಲಕ್ಕೆ, ಅಂದರೆ ಗ್ರೌಂಡ್‌ಗೆ, 10 ಕಿಲೋಓಮ್ ರೆಸಿಸ್ಟರ್ ಹಾಕಿ. ಎರಡೂ ಸೇರುವ ಜಾಗದ ವೋಲ್ಟೇಜನ್ನು ಆರ್ಡುಯಿನೊ ನ್ಯಾನೊ ಅನ್ನುವ, ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡಿನ ಒಂದು ಅನಲಾಗ್ ಪಿನ್ನಿನಲ್ಲಿ ಓದಿದರೆ 0ಯಿಂದ 1023ರವರೆಗೆ ಒಂದು ಸಂಖ್ಯೆ ಸಿಗುತ್ತದೆ. ಎಲ್‌ಡಿಆರ್ 10 ಲಕ್ಸ್‌ನಲ್ಲಿ 15 ಕಿಲೋಓಮ್ ಇದ್ದರೆ ಲೆಕ್ಕ ಹೀಗೆ:

```
1023 × 10 / (10 + 15) ≈ 409
```

50 ಲಕ್ಸ್‌ಗೆ ಸುಮಾರು 690 ಬರುತ್ತದೆ, 1000 ಲಕ್ಸ್‌ಗೆ ಸುಮಾರು 965. ಹಗಲೆಲ್ಲ ಮೇಲಿನ ತುದಿಗೆ ಅಂಟಿಕೊಂಡಿರುವ ಸಂಖ್ಯೆ ಮುಸ್ಸಂಜೆಯಲ್ಲಿ ಸರಸರ ಇಳಿಯುತ್ತದೆ. ನಮಗೆ ಬೇಕಾದ್ದೂ ಅದೇ.

ಆದರೆ 409 ಅನ್ನುವ ಸಂಖ್ಯೆಯನ್ನು ಹಾಗೇ ನಕಲು ಮಾಡಬೇಡಿ. ಒಂದೇ ಪೊಟ್ಟಣದ ಎರಡು ಎಲ್‌ಡಿಆರ್‌ಗಳೂ ಒಂದೇ ತರ ಇರುವುದಿಲ್ಲ. ಸೆನ್ಸರನ್ನು ಅದರ ಖಾಯಂ ಜಾಗದಲ್ಲೇ ಕೂರಿಸಿ, ನಾಲ್ಕೈದು ಸಂಜೆ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಕಟ್ಟಕಡೆಯ ಕೋಳಿ ಒಳಗೆ ಹೋದಾಗ ಸಂಖ್ಯೆ ಎಷ್ಟಿತ್ತು ಅಂತ ಬರೆದಿಡಿ. ಯಾವತ್ತೂ ಒಂದು ಹೇಂಟೆ ತಡಮಾಡಿಕೊಂಡೇ ಬರುತ್ತದೆ, ಅವಳೇ ನಿಮ್ಮ ಅಳತೆಗೋಲು. ಆ ಸಂಜೆಗಳಲ್ಲಿ ಬಂದ ಅತಿ ಕಡಿಮೆ ಸಂಖ್ಯೆಗಿಂತ ಇನ್ನೂ ಸ್ವಲ್ಪ ಕೆಳಗೆ ಮುಚ್ಚುವ ಮಿತಿ ಇಡಿ. ತೆರೆಯುವ ಮಿತಿ ಅದಕ್ಕಿಂತ ಸಾಕಷ್ಟು ಮೇಲಿರಲಿ. 400ಕ್ಕೆ ಮುಚ್ಚಿದರೆ 690ಕ್ಕೆ ತೆರೆಯಬಹುದು.

ಗಡಿಯಾರ ಹಾಕುವ ಬೇಲಿ

ಈಗ ದಿನವನ್ನು ನಾಲ್ಕು ತುಂಡು ಮಾಡಿ. ರಾತ್ರಿ ಬೆಳಕು ಏನೇ ಹೇಳಲಿ, ಬಾಗಿಲು ಮುಚ್ಚಿರಬೇಕು. ಹಗಲು ಬೆಳಕು ಏನೇ ಹೇಳಲಿ, ತೆರೆದಿರಬೇಕು. ಇವೆರಡರ ನಡುವೆ ಬೆಳಗ್ಗೆ ಒಂದು ಕಿಂಡಿ, ಸಂಜೆ ಒಂದು ಕಿಂಡಿ. ಆ ಕಿಂಡಿಗಳಲ್ಲಿ ಮಾತ್ರ ಬೆಳಕಿನ ಮಾತು ನಡೆಯುತ್ತದೆ.

ಸಂಜೆಯ ಕಿಂಡಿ ಸೂರ್ಯಾಸ್ತಕ್ಕೆ 20 ನಿಮಿಷ ಮೊದಲು ಶುರುವಾಗಿ, ಸೂರ್ಯಾಸ್ತವಾಗಿ 30 ನಿಮಿಷಕ್ಕೆ ಮುಗಿಯಲಿ. ಬೆಳಗಿನದ್ದು ಸೂರ್ಯೋದಯಕ್ಕೆ ಶುರುವಾಗಿ 45 ನಿಮಿಷಕ್ಕೆ ಮುಗಿಯಲಿ. ಕಿಂಡಿ ಮುಗಿಯುವವರೆಗೂ ಬೆಳಕು ತೀರ್ಮಾನ ಹೇಳದಿದ್ದರೆ ಗಡಿಯಾರವೇ ಕೆಲಸ ಮುಗಿಸುತ್ತದೆ. ಸೂರ್ಯೋದಯ, ಸೂರ್ಯಾಸ್ತದ ಹೊತ್ತನ್ನು ದಿನದಿನ ಲೆಕ್ಕ ಹಾಕುವ ಅಗತ್ಯ ಇಲ್ಲ. ತಿಂಗಳಿಗೊಂದರಂತೆ ಹನ್ನೆರಡು ಸಾಲು ಬರೆದಿಟ್ಟರೆ ಸಾಕು. ಗೋಡೆಯ ಪಂಚಾಂಗದಲ್ಲೇ ಅದು ಸಿಗುತ್ತದೆ, ನಿಮ್ಮ ಊರಿಗೆ ಹತ್ತಿರದ್ದನ್ನು ನೋಡಿಕೊಳ್ಳಿ.

ಪ್ರೋಗ್ರಾಮಿನ ಹೃದಯ ಇಷ್ಟೇ. `m` ಅಂದರೆ ಮಧ್ಯರಾತ್ರಿಯಿಂದ ಎಷ್ಟು ನಿಮಿಷ ಆಗಿದೆ ಅನ್ನುವುದು. `AM_START`, `AM_END` ಬೆಳಗಿನ ಕಿಂಡಿಯ ಶುರು ಮತ್ತು ಕೊನೆ, `PM_START`, `PM_END` ಸಂಜೆಯದ್ದು. `BRIGHT` ತೆರೆಯುವ ಮಿತಿ, `DARK` ಮುಚ್ಚುವ ಮಿತಿ.

```cpp
bool wantOpen(int m, int light, bool isOpen, bool sensorOk) {
  if (m < AM_START || m >= PM_END) return false;  // ರಾತ್ರಿ
  if (m >= AM_END && m < PM_START) return true;   // ಹಗಲು
  if (m < AM_END) return isOpen || light > BRIGHT; // ಬೆಳಗ್ಗೆ
  return isOpen && (!sensorOk || light > DARK);    // ಸಂಜೆ
}
```

ಇದನ್ನು ನಿಮಿಷಕ್ಕೊಮ್ಮೆ ಕೇಳಬೇಕು. `light` ಅನ್ನುವುದು ಆ ಕ್ಷಣದ ರೀಡಿಂಗ್ ಅಲ್ಲ. ನಿಮಿಷಕ್ಕೊಂದರಂತೆ ಹಿಂದಿನ ಹನ್ನೊಂದು ರೀಡಿಂಗ್‌ಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವುದು. ಸರಾಸರಿಗಿಂತ ಇದು ವಾಸಿ. ಮಿಂಚು ಹೊಡೆದಾಗಲೋ ಬೈಕಿನ ಹೆಡ್‌ಲೈಟ್ ತಾಗಿದಾಗಲೋ ಬಂದ ಒಂದು ದೊಡ್ಡ ಸಂಖ್ಯೆ ಸಾಲಿನ ತುದಿಗೆ ಹೋಗಿ ಕೂರುತ್ತದೆ, ನಡುವಿನದನ್ನು ಮುಟ್ಟುವುದಿಲ್ಲ. ಇದರಿಂದ ಐದು ನಿಮಿಷ ತಡವಾಗುತ್ತದೆ, ನಿಜ. ಅಷ್ಟು ತಡ ಆದರೆ ಆ ಕೊನೆಯ ಹೇಂಟೆಗೇ ಒಳ್ಳೆಯದು.

ಸಂಜೆಯ ಸಾಲಿನಲ್ಲಿ ಇನ್ನೊಂದು ವಿಷಯ ಇದೆ. ಒಮ್ಮೆ ಮುಚ್ಚಿದರೆ ಮತ್ತೆ ಬೆಳಕು ಬಂದರೂ ತೆರೆಯುವುದಿಲ್ಲ. ಹೊರಗುಳಿದ ಕೋಳಿಗಾಗಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ತೆರೆಯುವ ಏರ್ಪಾಟು ಕೆಲವರು ಮಾಡುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಕತ್ತಲಲ್ಲಿ ತೆರೆದ ಬಾಗಿಲಿನಿಂದ ಒಳಗೆ ಬರುವುದು ಕೋಳಿಯೇ ಅಂತ ಹೇಗೆ ಹೇಳುತ್ತೀರಿ? ಮಿತಿಯನ್ನೇ ಇನ್ನಷ್ಟು ಕೆಳಗಿಟ್ಟರಾಯಿತು.

ಜುಲೈಯ ಒಂದು ಮಳೆ ದಿನವನ್ನು ಇದರಲ್ಲಿ ಹಾಯಿಸಿ ನೋಡೋಣ. ಸೂರ್ಯಾಸ್ತ 7:00. ಕಿಂಡಿ 6:40ರಿಂದ 7:30. ಸಂಜೆ 4:50ಕ್ಕೆ ಕಪ್ಪು ಮೋಡ ಕವಿದು ರೀಡಿಂಗ್ ಧಡಕ್ಕನೆ ಬೀಳುತ್ತದೆ. ಬಾಗಿಲು ಅಲುಗುವುದಿಲ್ಲ, ಯಾಕೆಂದರೆ ಗಡಿಯಾರದ ಪ್ರಕಾರ ಅದಿನ್ನೂ ಹಗಲು. ಮಳೆಗೆ ಹೆದರಿ ಗೂಡಿಗೆ ಓಡುವ ಕೋಳಿಗೆ ಬಾಗಿಲು ತೆರೆದೇ ಸಿಗುತ್ತದೆ. 6:40ಕ್ಕೆ ಕಿಂಡಿ ತೆರೆದಾಗ ಮೋಡದಲ್ಲೂ ನೂರಾರು ಲಕ್ಸ್ ಬೆಳಕಿರುತ್ತದೆ. 10 ಲಕ್ಸ್‌ಗೆ ಇಳಿಯುವುದು ಸುಮಾರು 7:08ಕ್ಕೆ, ನಡುವಿನ ರೀಡಿಂಗ್ ಅದನ್ನು ಒಪ್ಪುವಷ್ಟರಲ್ಲಿ 7:13. ಬಾಗಿಲು ಇಳಿಯುತ್ತದೆ. ಶುಭ್ರ ಸಂಜೆಯಾಗಿದ್ದರೆ ಇದೇ 7:23ರ ಹೊತ್ತಿಗೆ ಆಗುತ್ತಿತ್ತು. ಅವತ್ತು ಯಾರೋ ಹಿತ್ತಲ ಬಲ್ಬು ಹಾಕಿಟ್ಟಿದ್ದರೆ? 7:30ಕ್ಕೆ ಗಡಿಯಾರ ಮುಚ್ಚುತ್ತದೆ.

ತಪ್ಪು ಯಾವ ಕಡೆಗೆ ವಾಲುತ್ತದೆ

ಸೆನ್ಸರ್ ಎರಡು ರೀತಿಯಲ್ಲಿ ಕೆಡುತ್ತದೆ. ಎರಡೂ ಒಂದೇ ಸಮ ಅಲ್ಲ.

ಸದಾ ಬೆಳಕು ತೋರಿಸುವ ಸೆನ್ಸರ್‌ನಿಂದ ಅಷ್ಟೇನೂ ನಷ್ಟವಿಲ್ಲ. ಸಂಜೆ ಕಿಂಡಿಯ ಕೊನೆಗೆ ಬಾಗಿಲು ಹೇಗೂ ಮುಚ್ಚುತ್ತದೆ. ಆದರೆ ಸದಾ ಕತ್ತಲು ತೋರಿಸುವ ಸೆನ್ಸರ್ ಅಪಾಯ. ಎಲ್‌ಡಿಆರ್‌ನ ತಂತಿ ತುಂಡಾದರೆ ಆಗುವುದು ಇದೇ, ಯಾಕೆಂದರೆ ತುಂಡಾದ ತಂತಿಗೂ ಕಗ್ಗತ್ತಲಿಗೂ ರೀಡಿಂಗಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಒಂದು 0, ಇನ್ನೊಂದು 10ರ ಆಸುಪಾಸು. ಎಲ್‌ಡಿಆರ್ ಮತ್ತು ರೆಸಿಸ್ಟರ್ ಜಾಗ ಅದಲುಬದಲು ಮಾಡಿದರೂ ತುಂಡು ತಂತಿ ಕತ್ತಲಂತೆಯೇ ಕಾಣುತ್ತದೆ. ಆಗ ಸಂಜೆಯ ಕಿಂಡಿ ತೆರೆದ ಕೂಡಲೇ, ಸೂರ್ಯ ಮುಳುಗಲು ಇನ್ನೂ 20 ನಿಮಿಷ ಇರುವಾಗ, ಬಾಗಿಲು ಬಿದ್ದುಬಿಡುತ್ತದೆ. ಕೋಳಿಗಳೆಲ್ಲ ಹೊರಗೆ.

ಇದಕ್ಕೆ ಮದ್ದು ಮಧ್ಯಾಹ್ನದ ತಪಾಸಣೆ. ಎಂಥ ಮಳೆಗಾಲದಲ್ಲೂ ಮಧ್ಯಾಹ್ನ 12ರಿಂದ 1ರವರೆಗೆ ಪೂರ್ತಿ ಕತ್ತಲು ಇರುವುದಿಲ್ಲ. ಆ ಒಂದು ಗಂಟೆಯಲ್ಲಿ ರೀಡಿಂಗ್ ಒಮ್ಮೆಯೂ 600 ದಾಟದಿದ್ದರೆ ಸೆನ್ಸರ್ ಕೆಟ್ಟಿದೆ, ಇಲ್ಲ ಏನೋ ಮುಚ್ಚಿಕೊಂಡಿದೆ ಅಂತಲೇ ಅರ್ಥ. ಆಗ `sensorOk` ಅನ್ನು `false` ಮಾಡಿ. ಅವತ್ತು ಸಂಜೆ ಬೆಳಕನ್ನು ಕೇಳುವುದೇ ಇಲ್ಲ, ಗಡಿಯಾರದ ಮೇಲೆ ಬಾಗಿಲು ನಡೆಯುತ್ತದೆ. ಮಧ್ಯಾಹ್ನ ಎರಡಕ್ಕೆ ಇಲಿ ತಂತಿ ಕಡಿದರೆ ಆ ಒಂದು ಸಂಜೆಗೆ ಇದರಿಂದ ಪ್ರಯೋಜನವಿಲ್ಲ. ಮರುದಿನ ಸಿಕ್ಕಿಬೀಳುತ್ತದೆ.

ಗಡಿಯಾರವೂ ಕೆಡಬಹುದಲ್ಲ. ನ್ಯಾನೊದ ಒಳಗಿನ ಲೆಕ್ಕವನ್ನೇ ನಂಬಿದರೆ ದಿನಕ್ಕೆ ನಿಮಿಷಗಟ್ಟಲೆ ತಪ್ಪಬಹುದು, ಕರೆಂಟು ಹೋದರೆ ಪೂರ್ತಿ ಮರೆತೇಹೋಗುತ್ತದೆ. ಅದಕ್ಕೆ ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಬೋರ್ಡ್ ಹಾಕುತ್ತಾರೆ. ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ಆಚೀಚೆ ಆಗುತ್ತದೆ, ಕರೆಂಟು ಇಲ್ಲದಾಗ ಬಿಲ್ಲೆ ಸೆಲ್‌ನಲ್ಲಿ ನಡೆಯುತ್ತದೆ. ಒಂದು ಎಚ್ಚರಿಕೆ. ಈ ಬೋರ್ಡುಗಳಲ್ಲಿ ಅಗ್ಗದ ಮಾದರಿಯೊಂದು ತುಂಬ ಓಡುತ್ತದೆ. ಅದರಲ್ಲಿ ಸೆಲ್‌ಗೆ ಚಾರ್ಜ್ ಕೊಡುವ ಒಂದು ಡಯೋಡ್ ಮತ್ತು ರೆಸಿಸ್ಟರ್ ಇರುತ್ತದೆ. ಅದು ಚಾರ್ಜ್ ಆಗುವ ಸೆಲ್‌ಗೆ ಮಾಡಿದ್ದು. ನಾವು ಅಂಗಡಿಯಿಂದ ತರುವ ಸಿಆರ್2032 ಚಾರ್ಜ್ ಮಾಡಬಾರದ ಸೆಲ್. 5 ವೋಲ್ಟಿನಲ್ಲಿ ಬೋರ್ಡ್ ನಡೆಸಿದರೆ ಸೆಲ್ ಉಬ್ಬಿ ಹಾಳಾಗಬಹುದು. ಆ ರೆಸಿಸ್ಟರನ್ನು ಕಿತ್ತುಬಿಡುವುದು ವಾಡಿಕೆ.

ಸೆಲ್ ಸತ್ತು ಹೊತ್ತು ಕಳೆದುಹೋದರೆ ಈ ಚಿಪ್ ಅದನ್ನು ನೆನಪಿಟ್ಟು ಹೇಳುತ್ತದೆ. ಪ್ರೋಗ್ರಾಮಿನಲ್ಲಿ `rtc.lostPower()` ಅಂತ ಕೇಳಿದರೆ ಸಾಕು. ಹೌದು ಅಂದರೆ ಕಿಂಡಿಗಳನ್ನೆಲ್ಲ ಬದಿಗಿಟ್ಟು ಬರೀ ಬೆಳಕಿನ ಮೇಲೆ ಬಾಗಿಲು ನಡೆಸಿ, ಯಾರಾದರೂ ಬಂದು ಹೊತ್ತು ಸರಿಮಾಡುವವರೆಗೆ.

ಬಾಗಿಲು, ದಾರ, ಮೋಟರ್

ಬಾಗಿಲು ಮೇಲಿನಿಂದ ಕೆಳಗೆ ಜಾರುವಂಥದ್ದಿರಲಿ. ದಪ್ಪ ಗಿರಿರಾಜ ಹುಂಜವೂ ನುಗ್ಗಬೇಕೆಂದರೆ 30 ಸೆಂಟಿಮೀಟರ್ ಅಗಲ, 36 ಎತ್ತರದ ಕಂಡಿ ಬೇಕು. ಅದನ್ನು ಮುಚ್ಚುವ 34×40 ಸೆಂಟಿಮೀಟರಿನ, 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ ಮುಕ್ಕಾಲು ಕೆಜಿ ತೂಗುತ್ತದೆ. ಎರಡೂ ಬದಿಗೆ ಅಲ್ಯೂಮಿನಿಯಂ ಚಾನೆಲ್. ಹಾಳೆ ಅದರಲ್ಲಿ ಸ್ವಲ್ಪ ಸಡಿಲವಾಗಿಯೇ ಆಡಬೇಕು. ಬಿಗಿಯಾದರೆ ಧೂಳು ಸೇರಿ ಸಿಕ್ಕಿಕೊಳ್ಳುತ್ತದೆ. ಮರದ ಹಲಗೆ ಬೇಡ, ಮಳೆಗಾಲದಲ್ಲಿ ಉಬ್ಬುತ್ತದೆ.

ಮೋಟರ್ ನಿಮಿಷಕ್ಕೆ 10 ಸುತ್ತಿನ, 12 ವೋಲ್ಟಿನ ಗೇರ್ ಮೋಟರ್. 2 ಸೆಂಟಿಮೀಟರ್ ವ್ಯಾಸದ ಉರುಳೆಗೆ ದಾರ ಸುತ್ತಿದರೆ ನಿಮಿಷಕ್ಕೆ 63 ಸೆಂಟಿಮೀಟರ್ ಎಳೆಯುತ್ತದೆ, ಬಾಗಿಲು ಪೂರ್ತಿ ಏರಲು 34 ಸೆಕೆಂಡ್. ನಿಧಾನ ಅನ್ನಿಸಬಹುದು, ಆದರೆ ಕೋಳಿಗೆ ಪಕ್ಕ ಸರಿಯಲು ಸಮಯ ಸಿಗುತ್ತದೆ. ಮೋಟರ್ ಮೇಲಕ್ಕೆ ಮಾತ್ರ ಎಳೆಯುತ್ತದೆ, ಇಳಿಯುವಾಗ ಬಾಗಿಲು ತನ್ನ ತೂಕಕ್ಕೆ ತಾನೇ ಇಳಿಯುತ್ತದೆ. ಹಾಗಾಗಿ ಅಡಿಗೆ ಸಿಕ್ಕ ಕೋಳಿಯ ಬೆನ್ನಿಗೆ ಬೀಳುವುದು ಮುಕ್ಕಾಲು ಕೆಜಿ ಅಷ್ಟೇ. ಮೋಟರೇ ಕೆಳಕ್ಕೆ ಒತ್ತುವ ವಿನ್ಯಾಸ ಬೇಡವೇ ಬೇಡ.

ಇಲ್ಲೊಂದು ತಮಾಷೆಯ ಕಾಯಿಲೆ ಇದೆ. ಬಾಗಿಲು ಅರ್ಧದಲ್ಲಿ ಸಿಕ್ಕಿಕೊಂಡಿತು ಅಂದುಕೊಳ್ಳಿ. ಮೋಟರ್ ಬಿಡುತ್ತಲೇ ಇರುತ್ತದೆ, ದಾರ ಸಡಿಲಾಗುತ್ತದೆ, ಉರುಳೆ ಖಾಲಿಯಾಗಿ ಆಮೇಲೆ ಉಲ್ಟಾ ದಿಕ್ಕಿಗೆ ಸುತ್ತಿಕೊಳ್ಳಲು ಶುರುಮಾಡುತ್ತದೆ. ಈಗ "ಇಳಿಸು" ಅಂದರೆ ಬಾಗಿಲು ಏರುತ್ತದೆ! ಬೆಳಗ್ಗೆ ತೆರೆಯುವ ಹೊತ್ತಿಗೆ ಬಾಗಿಲು ಇಳಿಯಿತು ಅಂತ ಯಾರಾದರೂ ಹೇಳಿದರೆ ಮೊದಲು ಉರುಳೆ ನೋಡಿ.

ಇದನ್ನು ತಡೆಯಲು ಮೇಲೊಂದು, ಕೆಳಗೊಂದು ರೀಡ್ ಸ್ವಿಚ್, ಅಂದರೆ ಅಯಸ್ಕಾಂತ ಹತ್ತಿರ ಬಂದರೆ ತಾಗುವ ಸ್ವಿಚ್, ಬಾಗಿಲ ಅಂಚಿಗೊಂದು ಅಯಸ್ಕಾಂತ. ರೀಡ್ ಸ್ವಿಚ್ ಗಾಜಿನೊಳಗೆ ಮುಚ್ಚಿಕೊಂಡಿರುವುದರಿಂದ ಗೂಡಿನ ಧೂಳು, ಕೋಳಿ ಗೊಬ್ಬರದ ಅಮೋನಿಯ ಅದಕ್ಕೆ ತಾಗುವುದಿಲ್ಲ. ಇಳಿಸಲು ಶುರುಮಾಡಿ 45 ಸೆಕೆಂಡ್ ಆದರೂ ಕೆಳಗಿನ ಸ್ವಿಚ್ ಸುದ್ದಿ ಕೊಡದಿದ್ದರೆ ಏನೋ ಅಡ್ಡ ಇದೆ. ಮೋಟರ್ ನಿಲ್ಲಿಸಿ, ಬಾಗಿಲನ್ನು ಮೇಲಕ್ಕೆ ಎಳೆದು, ಎರಡು ನಿಮಿಷ ಕಾದು ಮತ್ತೆ ಇಳಿಸಬೇಕು. ಮೂರು ಸಲ ಆಗದಿದ್ದರೆ ಬಜರ್ ಕೂಗಲಿ. ಕರೆಂಟು ಹೋಗಿ ಬಂದಾಗ ಬಾಗಿಲು ಎಲ್ಲಿದೆ ಅನ್ನುವುದನ್ನೂ ಇದೇ ಸ್ವಿಚ್‌ನಿಂದ ತಿಳಿಯಬೇಕು. ಕೆಳಗಿನ ಸ್ವಿಚ್ ತಾಗಿಲ್ಲ ಅಂದರೆ ಬಾಗಿಲು ತೆರೆದಿದೆ ಅಂತಲೇ ಲೆಕ್ಕ, ಅರ್ಧ ಇಳಿದಿದ್ದರೂ ಸಹ.

ಮೋಟರಿನ ಎರಡು ಕಾಲುಗಳ ನಡುವೆ 100 ನ್ಯಾನೊಫ್ಯಾರಡ್‌ನ ಕೆಪಾಸಿಟರ್ ಬೆಸೆಯಿರಿ. ಇಲ್ಲದಿದ್ದರೆ ಮೋಟರ್ ತಿರುಗಿದಾಗಲೆಲ್ಲ ನ್ಯಾನೊ ರೀಸೆಟ್ ಆಗುವ ಸಂಭವ ಜಾಸ್ತಿ. ಬೋರ್ಡುಗಳೆಲ್ಲ ಗೂಡಿನ ಹೊರಗೆ, ಮಾಡಿನ ಅಡಿ ಇರಲಿ. ಅಮೋನಿಯ ತಾಮ್ರವನ್ನು ಹಸಿರು ಮಾಡಿ ತಿನ್ನುತ್ತದೆ. ಎಲ್‌ಡಿಆರ್ ಉತ್ತರದ ಆಕಾಶ ನೋಡಲಿ, ಮನೆಯ ಬಲ್ಬಿಗೆ ಬೆನ್ನು ಹಾಕಿರಲಿ.

ವಿದ್ಯುತ್ತಿಗೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸಾಕು. ಮೋಟರ್ ದಿನಕ್ಕೆ ಒಂದು ನಿಮಿಷ ಓಡುವುದರಿಂದ ಅದರ ಖರ್ಚು ಲೆಕ್ಕಕ್ಕೇ ಇಲ್ಲ. ಬ್ಯಾಟರಿ ಕುಡಿಯುವುದು ಸುಮ್ನೆ ಕೂತಿರುವ ನ್ಯಾನೊ. 20 ಮಿಲಿಆಂಪಿಯರ್ ಅಂದರೂ ದಿನಕ್ಕೆ ಅರ್ಧ ಆಂಪಿಯರ್-ಅವರ್. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತಿಟ್ಟರೆ ಚಾರ್ಜ್ ಇಲ್ಲದೆ ಒಂದು ವಾರ. ಆಗುಂಬೆ ಕಡೆಯ ಮಳೆಗಾಲಕ್ಕೆ ಬರೀ ಸೋಲಾರ್ ನಂಬಬೇಡಿ, ಮನೆಯಿಂದ ಒಂದು ಚಾರ್ಜರ್ ತಂತಿ ಎಳೆಯಿರಿ.

ಕೊನೆಗೆ, ಬಾಗಿಲು ಮುಚ್ಚಿದಾಗ ಬಜರ್ ಕೂಗುವ ಏರ್ಪಾಟು ಮಾಡಿ. ಬೆಳಕು ನೋಡಿ ಮುಚ್ಚಿದರೆ ಒಂದು ಸಲ, ಗಡಿಯಾರ ಮುಚ್ಚಿದರೆ ಎರಡು ಸಲ. ಅಪರೂಪಕ್ಕೆ ಎರಡು ಸಲ ಕೂಗಿದರೆ ಚಿಂತೆಯಿಲ್ಲ. ದಿನಾ ಅದೇ ಆದರೆ ಸೆನ್ಸರ್‌ಗೆ ಬಲ್ಬು ಬೀಳುತ್ತಿದೆ, ಇಲ್ಲ ಮಧ್ಯಾಹ್ನದ ತಪಾಸಣೆಯಲ್ಲಿ ಅದು ಫೇಲ್ ಆಗಿದೆ. ಒಂದೇ ಸಲ ಕೂಗಿ, ಆದರೆ ಕಿಂಡಿ ತೆರೆದ ನಿಮಿಷಕ್ಕೇ ಮುಚ್ಚಿದರೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ. ಸೆನ್ಸರಿನ ತಂತಿ ಹೋಗಿದೆ, ಕೋಳಿಗಳು ಹೊರಗಿವೆ.